ಗಾಂಧಿ ಜಯಂತಿ ರಜೆ: ಬೆಂಗಳೂರು–ಗಂಗಾವತಿ–ಸಿಂಧನೂರು ಸ್ಲೀಪರ್ ಬಸ್, ಹಂಪಿ–ಮಂತ್ರಾಲಯ ಕ್ಯಾಬ್. ಉಳಿದಿರುವ ಸೀಟು ಇಷ್ಟು, ಪೂರ್ತಿ ದರ ಇಷ್ಟು

ನಮಸ್ಕಾರ್ರಿ. ಅಕ್ಟೋಬರ್ 2 ಶುಕ್ರವಾರ ಬಂದಿದೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. ಬೆಂಗಳೂರಿನಿಂದ ಊರಿಗೆ ಬರುವವರು, ಬಂದು ಭಾನುವಾರ ರಾತ್ರಿ ಮರಳುವವರು, ಮನೆಮಂದಿಯನ್ನು ಹಂಪಿಗೋ ಮಂತ್ರಾಲಯಕ್ಕೋ ಕರೆದೊಯ್ಯುವವರು ಎಲ್ಲರಿಗೂ ಈ ಸಂದೇಶ. ಕೆಳಗಿನ ಸೀಟಿನ ಲೆಕ್ಕ 2026ರ ಸೆಪ್ಟೆಂಬರ್ 18, ಶುಕ್ರವಾರ ಸಂಜೆ 6 ಗಂಟೆಯದು. ರಜೆ ಮುಗಿಯುವವರೆಗೂ ದಿನಾ ಸಂಜೆ 6ಕ್ಕೆ ಹೊಸ ಲೆಕ್ಕ ಕಳಿಸುತ್ತೇವೆ. ಹಳೇ ಸಂದೇಶ ನೋಡಿ ಹಣ ಹಾಕಬೇಡಿ.

ಅಕ್ಟೋಬರ್ 1, ಗುರುವಾರ ರಾತ್ರಿ, ಬೆಂಗಳೂರಿನಿಂದ ಊರಿಗೆ

ಎಸಿ ಸ್ಲೀಪರ್, ಒಟ್ಟು 30 ಸೀಟು. ಮಾರಿರುವುದು 19, ಉಳಿದಿರುವುದು 11. ಆ 11ರಲ್ಲಿ 5 ನಮ್ಮ ಕೌಂಟರಿನಲ್ಲಿವೆ, 6 ಬುಕಿಂಗ್ ಆ್ಯಪ್‌ಗಳಿಗೆ ಕೊಟ್ಟಿದ್ದೇವೆ. ಆ್ಯಪ್‌ನಲ್ಲಿ ‘2 ಸೀಟು ಮಾತ್ರ’ ಎಂದು ಕಂಡರೆ ಅದು ಆ ಆ್ಯಪ್‌ಗೆ ಕೊಟ್ಟ ಪಾಲಿನಲ್ಲಿ ಉಳಿದದ್ದು, ಇಡೀ ಬಸ್ಸಿನದಲ್ಲ. ಗಾಬರಿಯಾಗಿ ಸಿಕ್ಕ ಸೀಟು ಹಿಡಿಯುವ ಮೊದಲು ನಮ್ಮನ್ನು ಒಮ್ಮೆ ಕೇಳಿ.

ಲೋವರ್ ಸಿಂಗಲ್: ಖಾಲಿ ಇಲ್ಲ.
ಅಪ್ಪರ್ ಸಿಂಗಲ್: 2 ಇವೆ. ದರ ₹1,200, ಜಿಎಸ್‌ಟಿ ₹60, ಒಟ್ಟು ₹1,260.
ಲೋವರ್ ಡಬಲ್: 3 ಇವೆ. ಒಟ್ಟು ₹1,260. ಇದರಲ್ಲಿ ಒಂದು ಜೋಡಿ ಪೂರ್ತಿ ಖಾಲಿ. ಮೂರನೆಯದರ ಪಕ್ಕ ಒಬ್ಬ ಹೆಣ್ಣುಮಗಳು ಬುಕ್ ಮಾಡಿದ್ದಾರೆ, ಅದನ್ನು ಹೆಣ್ಣುಮಕ್ಕಳಿಗೆ ಮಾತ್ರ ಕೊಡುತ್ತೇವೆ.
ಅಪ್ಪರ್ ಡಬಲ್: 6 ಇವೆ. ದರ ₹1,100, ಜಿಎಸ್‌ಟಿ ₹55, ಒಟ್ಟು ₹1,155. ಇವುಗಳಲ್ಲಿ 2 ಕೊನೇ ಸಾಲಿನವು, ಹಿಂದಿನ ಗಾಲಿ ದಾಟಿ ಆಚೆ ಇವೆ. ರಸ್ತೆಯ ಪ್ರತಿ ಉಬ್ಬಿಗೂ ಮೈ ಎತ್ತಿ ಹಾಕುತ್ತದೆ. ಬೆನ್ನುನೋವು ಇರುವವರು, ಬಸುರಿಯರು ಅವನ್ನು ತಗೋಬೇಡಿ.

ಒಟ್ಟು ಎಂದು ಬರೆದದ್ದೇ ನೀವು ಕೊಡುವ ಹಣ. ನಮ್ಮಲ್ಲಿ ತಗೊಂಡರೆ ಅದರ ಮೇಲೆ ಬುಕಿಂಗ್ ಚಾರ್ಜ್ ಇಲ್ಲ, ಯುಪಿಐ ಚಾರ್ಜ್ ಇಲ್ಲ. ಆ್ಯಪ್‌ನಲ್ಲಿ ತಗೊಂಡರೆ ಅವರ ಶುಲ್ಕ, ವಿಮೆ ಸೇರಬಹುದು. ವಿಮೆಯ ಮುಂದೆ ಮೊದಲೇ ಟಿಕ್ ಬಿದ್ದಿದೆಯೇ ಎಂದು ಹಣ ಕಟ್ಟುವ ಮುನ್ನ ನೋಡಿ. ಹೊಸಪೇಟೆಗೆ ಇಳಿದರೂ ಇದೇ ದರ, ಏಕೆಂದರೆ ಬೆಳಗಿನ ಜಾವ ಅಲ್ಲಿಂದ ಮುಂದಕ್ಕೆ ಆ ಸೀಟಿಗೆ ಹತ್ತುವವರು ಸಿಗುವುದಿಲ್ಲ.

ಪಿಕಪ್: ಆನಂದರಾವ್ ಸರ್ಕಲ್ 9:30, ಯಶವಂತಪುರ 9:55, ಗೊರಗುಂಟೆಪಾಳ್ಯ 10:05, ಜಾಲಹಳ್ಳಿ ಕ್ರಾಸ್ 10:15, ನೆಲಮಂಗಲ 10:45. ಡ್ರಾಪ್: ಹೊಸಪೇಟೆ 4:15, ಗಂಗಾವತಿ 5:30, ಕಾರಟಗಿ 6:15, ಸಿಂಧನೂರು 7:00. ಇವು ಮಾಮೂಲಿ ದಿನದ ಸಮಯ. ರಜೆಯ ಹಿಂದಿನ ರಾತ್ರಿ ತುಮಕೂರು ರಸ್ತೆ ತುಂಬಿರುತ್ತದೆ. ನೆಲಮಂಗಲ ದಾಟುವಷ್ಟರಲ್ಲೇ ಒಂದು ತಾಸು ತಡವಾದರೆ ಸಿಂಧನೂರಿಗೆ 8 ಆಗುತ್ತದೆ. ಬೆಳಿಗ್ಗೆ 8ಕ್ಕೆ ಮದುವೆಯೋ ಪೂಜೆಯೋ ಇದ್ದವರು ಈ ಬಸ್ಸನ್ನು ನಂಬಿ ಮುಹೂರ್ತಕ್ಕೆ ಬರುತ್ತೇನೆಂದು ಮಾತು ಕೊಡಬೇಡಿ.

ರಾತ್ರಿ 10:45ಕ್ಕೆ ಎರಡನೇ ಬಸ್ ಬಿಡುವ ಯೋಚನೆ ಇದೆ. ಇನ್ನೂ ಖಚಿತವಾಗಿಲ್ಲ. 18 ಹೆಸರು ಬಂದರೆ ಬಿಡುತ್ತೇವೆ, ಇವತ್ತಿಗೆ ಬಂದಿರುವುದು 7. ಹೆಸರು ಬರೆಸಿ, ಹಣ ಬೇಡ. ಸೆಪ್ಟೆಂಬರ್ 25, ಶುಕ್ರವಾರ ಸಂಜೆ ಹೌದೋ ಅಲ್ಲವೋ ತಿಳಿಸುತ್ತೇವೆ. ಆಮೇಲಷ್ಟೇ ಹಣ.

ದರ ಏಕೆ ಹೆಚ್ಚು

ಮಾಮೂಲಿ ದಿನ ಇದೇ ಬಸ್ಸಿನ ಅಪ್ಪರ್ ಸೀಟಿಗೆ ₹840. ಈ ಸಲ ಹೆಚ್ಚಿದೆ, ಮುಚ್ಚಿಡುವುದಿಲ್ಲ. ಗುರುವಾರ ರಾತ್ರಿ ಬೆಂಗಳೂರಿನಿಂದ ಬಸ್ ತುಂಬಿ ಬರುತ್ತದೆ, ಆದರೆ ಆ ಬಸ್ ಬೆಂಗಳೂರಿಗೆ ಹೋಗುವಾಗ ಹೆಚ್ಚುಕಡಿಮೆ ಖಾಲಿ. ಹೋಗಿ ಬರಲು 800 ಕಿ.ಮೀ.ಗೂ ಹೆಚ್ಚು. ಲೀಟರಿಗೆ 4 ಕಿ.ಮೀ. ಹಿಡಿದರೂ 200 ಲೀಟರಿಗೂ ಹೆಚ್ಚು ಡೀಸೆಲ್, ಜೊತೆಗೆ ಇಬ್ಬರು ಡ್ರೈವರ್, ಒಬ್ಬ ಕ್ಲೀನರ್, ಎರಡೂ ಕಡೆ ಟೋಲ್. ಒಂದು ಕಡೆಯ ಜನರಿಂದ ಎರಡೂ ಕಡೆಯ ಖರ್ಚು ಬರಬೇಕು. ಆದರೂ ಮೇಲೆ ಬರೆದ ದರ ಕೊನೇ ಸೀಟಿನವರೆಗೂ ಇಷ್ಟೇ. ಕೊನೇ ದಿನ ಏರಿಸುವುದಿಲ್ಲ. ‘₹1,999 ಹೊಡೆದು ₹1,260’ ಎಂದು ತೋರಿಸುವುದೂ ಇಲ್ಲ, ಏಕೆಂದರೆ ₹1,999ಕ್ಕೆ ನಾವು ಯಾವತ್ತೂ ಮಾರಿಲ್ಲ.

ನಿಜವಾಗಿ ಕಡಿಮೆ ದರ ಇರುವುದು ಇಲ್ಲಿ

ಖಾಲಿ ಓಡುವ ದಿಕ್ಕಿನಲ್ಲಿ. ಅಕ್ಟೋಬರ್ 1ರ ರಾತ್ರಿ ಸಿಂಧನೂರು–ಗಂಗಾವತಿಯಿಂದ ಬೆಂಗಳೂರಿಗೆ, ಅಕ್ಟೋಬರ್ 4ರ ರಾತ್ರಿ ಬೆಂಗಳೂರಿನಿಂದ ಇತ್ತ ಬರಲು ಯಾವ ಸೀಟಾದರೂ ಒಟ್ಟು ₹630. 30ಕ್ಕೆ 30ಕ್ಕೂ ಅದೇ ದರ, ‘₹630ರಿಂದ ಆರಂಭ’ ಅಲ್ಲ. ಗುರುವಾರದ ಬಸ್ಸಿನಲ್ಲಿ 24, ಭಾನುವಾರದ ಬಸ್ಸಿನಲ್ಲಿ 26 ಸೀಟು ಖಾಲಿ ಇವೆ. ಮಗನ ಮನೆಗೆ, ಆಸ್ಪತ್ರೆಯ ತಪಾಸಣೆಗೆ ಬೆಂಗಳೂರಿಗೆ ಹೋಗಬೇಕಿರುವ ಹಿರಿಯರು ದಿನ ಹೊಂದಿಸಿಕೊಂಡರೆ ಒಬ್ಬರಿಗೆ ಇನ್ನೂರು ರೂಪಾಯಿಯಷ್ಟು ಉಳಿಯುತ್ತದೆ.

ಒಂದು ದಿನ ಮೊದಲೇ, ಅಕ್ಟೋಬರ್ 3ರ ಶನಿವಾರ ರಾತ್ರಿ ಬೆಂಗಳೂರಿಗೆ ಮರಳುವವರಿಗೆ ಮಾಮೂಲಿ ದರ: ಲೋವರ್ ಸಿಂಗಲ್ ₹945, ಉಳಿದವು ₹840. 21 ಸೀಟು ಇವೆ.

ಅಕ್ಟೋಬರ್ 4, ಭಾನುವಾರ ರಾತ್ರಿ, ಬೆಂಗಳೂರಿಗೆ ಮರಳಲು

ಎರಡು ಬಸ್, ಎರಡೂ ಖಚಿತ. ಮೊದಲನೆಯದು ಸಿಂಧನೂರು 6:30, ಕಾರಟಗಿ 7:15, ಗಂಗಾವತಿ 8:00, ಹೊಸಪೇಟೆ 9:15. ಗೊರಗುಂಟೆಪಾಳ್ಯಕ್ಕೆ ಬೆಳಗಿನ ಜಾವ 4:30. ಇದರಲ್ಲಿ 14 ಸೀಟು ಇವೆ, ಯಾವುದಾದರೂ ಒಟ್ಟು ₹1,155. ಎರಡನೆಯದು ಗಂಗಾವತಿಯಿಂದಲೇ 9:30ಕ್ಕೆ ಹೊರಡುತ್ತದೆ, ಹೊಸಪೇಟೆ 10:45. ಉಳಿದಿರುವುದು 4 ಮಾತ್ರ, ನಾಲ್ಕೂ ಅಪ್ಪರ್, ಒಟ್ಟು ₹1,260.

ಎಲ್ಲರೂ ಎರಡನೆಯದನ್ನೇ ಕೇಳುತ್ತಾರೆ, ಮನೆಯಲ್ಲಿ ಊಟ ಮಾಡಿ ಹೊರಡಬಹುದೆಂದು. ಆದರೆ ಅದು ಗೊರಗುಂಟೆಪಾಳ್ಯ ತಲುಪುವುದು 6:15ಕ್ಕೆ. ರಜೆ ಮುಗಿದ ಸೋಮವಾರ ಆ ಹೊತ್ತಿಗೆ ನೆಲಮಂಗಲದಿಂದ ಪೀಣ್ಯವರೆಗೆ ಬಸ್ಸಿನ ಹಿಂದೆ ಬಸ್ ನಿಂತಿರುತ್ತದೆ. 7:30 ಆದರೂ ಆಶ್ಚರ್ಯವಿಲ್ಲ. 8ರ ಶಿಫ್ಟ್ ಇರುವವರು, ಮಕ್ಕಳನ್ನು ಶಾಲೆಗೆ ಬಿಡಬೇಕಾದವರು ಮೊದಲನೇ ಬಸ್ಸನ್ನೇ ಹಿಡಿಯಿರಿ, ಬುತ್ತಿ ಕಟ್ಟಿಕೊಳ್ಳಿ.

ಊರಿಂದ ಹೊರಡುವಾಗ ಸೋನಾ ಮಸೂರಿ ಚೀಲ ಬರುವುದು ನಮಗೆ ಗೊತ್ತು. ಟಿಕೆಟಿಗೆ 25 ಕೆ.ಜಿ.ಯ ಒಂದು ಚೀಲ, ಒಂದು ಬ್ಯಾಗು ಉಚಿತ. ಎರಡನೇ ಚೀಲಕ್ಕೆ ₹100, ಅದಕ್ಕೆ ಕೌಂಟರಿನಲ್ಲೇ ರಸೀದಿ ಹರಿಸಿಕೊಳ್ಳಿ, ಕ್ಲೀನರ್ ಕೈಗೆ ಕೊಡಬೇಡಿ. ಚೀಲದ ಬಾಯಿ ಗೋಣಿದಾರದಿಂದ ಹೊಲಿದಿರಲಿ. ಬರೀ ಗಂಟು ಹಾಕಿದ ಚೀಲ ಡಿಕ್ಕಿಯಲ್ಲಿ ಹೊರಳಿ ಬಿಚ್ಚಿಕೊಳ್ಳುತ್ತದೆ, ಬೆಳಿಗ್ಗೆ ಯಾರ ಅಕ್ಕಿ ಯಾರದೆಂದು ಆರಿಸಲಾಗದು. ಮೇಲೆ ದಪ್ಪ ಮಾರ್ಕರ್‌ನಿಂದ ಹೆಸರು, ಸೀಟ್ ನಂಬರ್, ಇಳಿಯುವ ಜಾಗ ಬರೆಯಿರಿ. ರೊಟ್ಟಿಯ ಗಂಟು, ಶೇಂಗಾ ಚಟ್ನಿ ಡಬ್ಬಿ ನಿಮ್ಮ ಜೊತೆಯೇ ಮೇಲಿರಲಿ. ಡಿಕ್ಕಿಯ ಭಾರಕ್ಕೆ ರೊಟ್ಟಿ ಪುಡಿಯಾಗುತ್ತದೆ.

ರದ್ದು ಮತ್ತು ಹಣ ವಾಪಸ್

ಹೊರಡುವ 48 ಗಂಟೆ ಮೊದಲು ರದ್ದು ಮಾಡಿದರೆ 90% ವಾಪಸ್. 48ರಿಂದ 12 ಗಂಟೆ ನಡುವೆ 50%. 12 ಗಂಟೆಯೊಳಗೆ ಹಣ ಬರುವುದಿಲ್ಲ, ಆದರೆ ಹೊರಡುವ 2 ಗಂಟೆ ಮೊದಲಿನವರೆಗೂ ನಿಮ್ಮ ಬದಲು ಬೇರೆಯವರ ಹೆಸರಿಗೆ ಬದಲಾಯಿಸಿ ಕೊಡುತ್ತೇವೆ, ಚಾರ್ಜ್ ಇಲ್ಲ. ನಾವೇ ಬಸ್ ರದ್ದು ಮಾಡಿದರೆ ಜಿಎಸ್‌ಟಿ ಸಮೇತ ಪೂರ್ತಿ ಹಣ, ಕಟ್ಟಿದ ಖಾತೆಗೇ, ಮೂರು ಕೆಲಸದ ದಿನಗಳೊಳಗೆ. ಬಸ್ ಕೆಟ್ಟು ಎಸಿ ಇಲ್ಲದ ಗಾಡಿ ಕೊಡಬೇಕಾದರೆ ಹತ್ತುವ ಮೊದಲೇ ಹೇಳುತ್ತೇವೆ: ಬೇಡವೆಂದರೆ ಪೂರ್ತಿ ವಾಪಸ್, ಅದರಲ್ಲೇ ಬಂದರೆ ₹300 ವಾಪಸ್. ಆ್ಯಪ್‌ನಲ್ಲಿ ತಗೊಂಡ ಟಿಕೆಟನ್ನು ಅಲ್ಲೇ ರದ್ದು ಮಾಡಬೇಕು, ನಮ್ಮ ಕೌಂಟರಿನಿಂದ ಆಗುವುದಿಲ್ಲ.

ಈ ದರ ಹೆಚ್ಚಾಯಿತು ಅನಿಸಿದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ನೋಡಿ. ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ, ಎಸಿ ಮತ್ತು ಸ್ಲೀಪರ್‌ಗಳಲ್ಲಿ ಇಲ್ಲ. ಹೊಸಪೇಟೆ, ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್ ರೈಲೂ ಇದೆ. ನಮ್ಮ ಬಸ್ಸಿನ ಸೀಟಿನ ಜೊತೆಗೆ ರೈಲಿನ ವೇಟಿಂಗ್ ಲಿಸ್ಟ್ ಟಿಕೆಟನ್ನೂ ಇಟ್ಟುಕೊಂಡು ಕೊನೇ ದಿನದವರೆಗೆ ಕಾಯುವವರು ಈಗಲೇ ನಮಗೆ ತಿಳಿಸಿ, ಸೀಟು ರದ್ದು ಮಾಡುವ 48 ಗಂಟೆಯ ಗಡುವನ್ನು ನೆನಪಿಸುತ್ತೇವೆ.

ಕ್ಯಾಬ್: ಗಂಗಾವತಿಯಿಂದ

ನಮ್ಮಲ್ಲಿರುವುದು 3 ಡಿಜೈರ್, 2 ಎರ್ಟಿಗಾ. ಎಲ್ಲವೂ ಹಳದಿ ಬೋರ್ಡ್. ಅಕ್ಟೋಬರ್ 2ಕ್ಕೆ 1 ಡಿಜೈರ್ ಮಾತ್ರ, ಎರ್ಟಿಗಾ ಇಲ್ಲ. 3ಕ್ಕೆ 2 ಡಿಜೈರ್, 1 ಎರ್ಟಿಗಾ. 4ಕ್ಕೆ 3 ಡಿಜೈರ್, 1 ಎರ್ಟಿಗಾ. ಡಿಜೈರ್‌ಗೆ ಡ್ರೈವರ್ ಬಿಟ್ಟು 4 ಜನ, ಎರ್ಟಿಗಾಗೆ 6. ಹೆಚ್ಚಿಗೆ ಒಬ್ಬರನ್ನೂ ಹತ್ತಿಸುವುದಿಲ್ಲ. ಗಾಡಿ ಖಾಲಿಯಾದ ದಿನ ಪರಿಚಯದವರ ಬಿಳಿ ಬೋರ್ಡ್ ಕಾರು ಕಳಿಸುವುದಿಲ್ಲ. ಬಾಡಿಗೆಗೆ ಓಡಿದ ಸ್ವಂತ ಕಾರಿಗೆ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು, ಪೆಟ್ಟು ನಿಮ್ಮ ಮನೆಯವರಿಗೆ.

ಆನೆಗೊಂದಿ, ಅಂಜನಾದ್ರಿ, ಸಾಣಾಪುರ, ಹಂಪಿ ಸುತ್ತಲು 8 ತಾಸು, 80 ಕಿ.ಮೀ. ಪ್ಯಾಕೇಜ್: ಡಿಜೈರ್ ₹2,400. ಡೀಸೆಲ್, ಡ್ರೈವರ್, ಜಿಎಸ್‌ಟಿ ಸೇರಿ. ಮೀರಿದರೆ ಕಿ.ಮೀ.ಗೆ ₹14, ತಾಸಿಗೆ ₹180. ಲೆಕ್ಕ ನಮ್ಮ ಶೆಡ್ಡಿನಿಂದ ಹೊರಟು ಶೆಡ್ಡಿಗೆ ಮರಳುವವರೆಗೆ. ಗಾಡಿ 9 ತಾಸು, 96 ಕಿ.ಮೀ. ಓಡಿತೆನ್ನಿ: 2,400 + 180 + (16 × 14) = ₹2,804. ಪಾರ್ಕಿಂಗ್, ಪ್ರವೇಶ ಟಿಕೆಟ್, ತೆಪ್ಪದ ಹಣ ನಿಮ್ಮದು. ಅಂಜನಾದ್ರಿಗೆ 575 ಮೆಟ್ಟಿಲು, ಬಿಸಿಲೇರುವ ಮುಂಚೆ 6:30ಕ್ಕೇ ಹೊರಟರೆ ಹಿರಿಯರಿಗೆ ಹಗುರ. ವಿಜಯವಿಠ್ಠಲ ದೇವಸ್ಥಾನದ ಬಾಗಿಲವರೆಗೆ ಕಾರು ಬಿಡುವುದಿಲ್ಲ. ಅಲ್ಲಿಂದ ಬ್ಯಾಟರಿ ಗಾಡಿ, ರಜೆಯಲ್ಲಿ ಸರದಿ ಉದ್ದ. ಅದೂ ನಿಮ್ಮ 8 ತಾಸಿನಲ್ಲೇ ಸೇರುತ್ತದೆ.

ಮಂತ್ರಾಲಯಕ್ಕೆ ಎರ್ಟಿಗಾ: ದಿನಕ್ಕೆ ಕನಿಷ್ಠ 300 ಕಿ.ಮೀ., ಕಿ.ಮೀ.ಗೆ ₹17, ಅಂದರೆ ₹5,100. ಡ್ರೈವರ್ ಬಾಟಾ ₹500. ಒಟ್ಟು ₹5,600. ಟೋಲ್ ಬಿದ್ದರೆ ಫಾಸ್ಟ್‌ಟ್ಯಾಗ್‌ನಲ್ಲಿ ಕಟ್ ಆದಷ್ಟೇ, ಮೆಸೇಜ್ ತೋರಿಸಿ ತಗೊಳ್ಳುತ್ತೇವೆ. ಮಂತ್ರಾಲಯ ಆಂಧ್ರದಲ್ಲಿದೆ. ಕರ್ನಾಟಕಕ್ಕೆ ಮಾತ್ರ ಪರ್ಮಿಟ್ ಇರುವ ಗಾಡಿ ಗಡಿ ದಾಟಲು ಅಲ್ಲಿನ ತೆರಿಗೆ ಕಟ್ಟಬೇಕು. ನಮ್ಮ ಎರಡೂ ಎರ್ಟಿಗಾಗಳಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆ, ಆ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಬುಕ್ ಮಾಡುವುದು ಹೀಗೆ

ಈ ಸಂದೇಶಕ್ಕೇ ಉತ್ತರವಾಗಿ ದಿನಾಂಕ, ಹತ್ತುವ ಜಾಗ, ಇಳಿಯುವ ಜಾಗ, ಪ್ರತಿಯೊಬ್ಬರ ಹೆಸರು, ವಯಸ್ಸು, ಗಂಡು ಅಥವಾ ಹೆಣ್ಣು ಎಂದು ಬರೆಯಿರಿ. ಸೀಟ್ ನಂಬರ್ ಕಳಿಸಿ 30 ನಿಮಿಷ ಹಿಡಿದಿಡುತ್ತೇವೆ. ಅಷ್ಟರಲ್ಲಿ ಯುಪಿಐ ಮಾಡಿ. ಹಣ ಹೋದರೂ ಟಿಕೆಟ್ ಬರದಿದ್ದರೆ ಎರಡನೇ ಸಲ ಹಾಕಬೇಡಿ, ಯುಟಿಆರ್ ನಂಬರ್ ಕಳಿಸಿ. ಫೋನ್‌ಪೇ ಬಾರದ ಹಿರಿಯರು ಗಂಗಾವತಿ ಬಸ್ ನಿಲ್ದಾಣದ ಎದುರಿನ ಕೌಂಟರಿಗೆ ಬೆಳಿಗ್ಗೆ 8ರಿಂದ ರಾತ್ರಿ 9:30ರೊಳಗೆ ಬನ್ನಿ, ನಗದು ನಡೆಯುತ್ತದೆ. ಬಸ್ ನಂಬರ್, ಡ್ರೈವರ್ ನಂಬರ್ ಹೊರಡುವ ದಿನ ಸಂಜೆ 5ಕ್ಕೆ ಬರುತ್ತದೆ. 6ರವರೆಗೂ ಬಾರದಿದ್ದರೆ ಕಾಯಬೇಡಿ, ಕೂಡಲೇ ಫೋನ್ ಮಾಡಿ.