ವಯಸ್ಕ ಎ.ಡಿ.ಎಚ್.ಡಿ. ಶಂಕೆ ಮತ್ತು ಆತಂಕ: ತಜ್ಞರ ತಪಾಸಣೆಗೆ ಶಿಫಾರಸು ಪತ್ರ

ದಿನಾಂಕ: 18-11-2025
ವಿದ್ಯಾನಗರ, ಹುಬ್ಬಳ್ಳಿ

ಗೆ,
ಮನೋವೈದ್ಯರು,
ಧಾರವಾಡ

ಮಾನ್ಯ ಡಾಕ್ಟರರೇ,

ಈ ಪತ್ರ ತಂದಿರುವವರು 34 ವರ್ಷದ ವಿವಾಹಿತರು. ಧಾರವಾಡದಲ್ಲಿ ವಾಸವಿದ್ದು, ಅಮರಗೋಳದ ಎ.ಪಿ.ಎಂ.ಸಿ.ಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಇವರ ತಂದೆಯ ಕಾಲದಿಂದಲೂ ಈ ಕುಟುಂಬಕ್ಕೆ ನಾನೇ ವೈದ್ಯ. ವಯಸ್ಕರಲ್ಲಿ ಕಾಣುವ ಎ.ಡಿ.ಎಚ್.ಡಿ. ಮತ್ತು ಅದರ ಜೊತೆಗಿನ ಆತಂಕದ ಶಂಕೆಯಿಂದ ಇವರನ್ನು ತಮ್ಮಲ್ಲಿಗೆ ಕಳುಹಿಸುತ್ತಿದ್ದೇನೆ.

ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅವರು ಎದೆಬಡಿತದ ದೂರಿನೊಂದಿಗೆ ಬಂದರು. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ನಿದ್ದೆ ಹತ್ತದಿರುವುದು ಇವೆಲ್ಲ ಪ್ರತಿ ತಿಂಗಳ 11 ಮತ್ತು 20ನೇ ತಾರೀಖಿನ ಆಸುಪಾಸಿಗೆ ಹೆಚ್ಚಾಗುತ್ತವೆ ಎಂಬುದು ವಿಚಾರಿಸಿದಾಗ ತಿಳಿಯಿತು; ಅವು ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ಕೊನೆಯ ದಿನಗಳು. ಕೆಲಸ ಬಾರದವರಲ್ಲ. ಕೆಲವು ದಿನ ಮೊದಲೇ ಮುಗಿಸಬಹುದಾದದ್ದನ್ನು ಕೊನೆಯ ರಾತ್ರಿಗೆ ತಳ್ಳುತ್ತಾರೆ, ಒಂದು ಪಟ್ಟಿಯನ್ನು ಅರ್ಧಕ್ಕೆ ಬಿಟ್ಟು ಮತ್ತೊಂದನ್ನು ತೆರೆಯುತ್ತಾರೆ, ಕೂಡಿಸಿದ್ದನ್ನೇ ಮೂರು ಸಲ ಕೂಡಿಸುತ್ತಾರೆ. ಕೆಲಸಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಯೋಚನೆಯಲ್ಲಿ ಮುಳುಗಿ, ಇಳಿಯಬೇಕಾದ ನಿಲ್ದಾಣ ದಾಟಿ ಮುಂದೆ ಹೋಗಿ ಮರಳುವುದು ವಾರಕ್ಕೆರಡು ಸಲವಾದರೂ ಆಗುತ್ತದಂತೆ. ಮನೆಯಲ್ಲಿಯೂ ಇದೇ ಸ್ಥಿತಿ: ವಿದ್ಯುತ್ ಬಿಲ್ಲು ತುಂಬುವುದು ಮರೆತು ಈ ವರ್ಷ ಎರಡು ಸಲ ಫ್ಯೂಸ್ ತೆಗೆದಿದ್ದಾರೆಂದು ಪತ್ನಿ ಹೇಳಿದರು.

ನನ್ನ ಕೋಣೆಯಲ್ಲಿ ಕಂಡದ್ದನ್ನೂ ಹೇಳಬೇಕು. ಪ್ರಶ್ನಾವಳಿಯ ಮುಂದಿನ ಪುಟ ತುಂಬಿದವರು ಹಿಂದಿನ ಪುಟ ತಿರುವಲೇ ಇಲ್ಲ. ನಡುವೆ ಎರಡು ಸಲ ಎದ್ದು ನಿಂತರು, ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರಿಸಿದರು, ಹೋಗುವಾಗ ಹೆಲ್ಮೆಟ್ಟನ್ನು ಮೇಜಿನ ಮೇಲೆ ಬಿಟ್ಟುಹೋಗಿ, ಅದಕ್ಕಾಗಿ ಮರಳಿ ಬಂದಾಗ ಕನ್ನಡಕ ಮರೆತರು.

ಬಾಲ್ಯದ ವಿವರ ನನಗೆ ಮುಖ್ಯವೆನಿಸಿತು. ಲಕ್ಷಣಗಳು 12 ವರ್ಷದೊಳಗೆ ತೋರಿರಬೇಕಾದ್ದರಿಂದ ತಾಯಿಯನ್ನು ಕರೆಸಿ ಮಾತನಾಡಿದೆ. "ಸಾಲ್ಯಾಗ ಕುಂತ್ರೂ ಚಿತ್ತ ಹೊರಗ ಇರ್ತಿತ್ತು ರೀ, ಪಾಟಿ ಎಷ್ಟ್ ಕಳದಾನೋ ಲೆಕ್ಕಿಲ್ಲ" ಎಂದರು. ಅವರು ಜೋಪಾನವಾಗಿಟ್ಟಿದ್ದ ನಾಲ್ಕನೇ ತರಗತಿಯ ಪ್ರಗತಿ ಪತ್ರದಲ್ಲಿ ಶಿಕ್ಷಕರ ಷರಾ ಹೀಗಿದೆ: "ಬುದ್ಧಿ ಚುರುಕು, ಲಕ್ಷ್ಯವಿಲ್ಲ." ಅದರ ಪ್ರತಿ ಲಗತ್ತಿಸಿದ್ದೇನೆ.

ಎ.ಎಸ್.ಆರ್.ಎಸ್. ಭಾಗ 'ಎ'ಯ ಆರರಲ್ಲಿ ಐದು ಉತ್ತರಗಳು ಧನಾತ್ಮಕವಾಗಿವೆ. ಕೆಲವು ಪ್ರಶ್ನೆಗಳನ್ನು ನಾನೇ ಕನ್ನಡದಲ್ಲಿ ಬಿಡಿಸಿ ಹೇಳಿದ್ದರಿಂದ ಈ ಅಂಕವನ್ನು ಸೂಚನೆಯೆಂದಷ್ಟೇ ಪರಿಗಣಿಸಬೇಕು. ಜಿ.ಎ.ಡಿ.-7ರಲ್ಲಿ 14, ಪಿ.ಎಚ್.ಕ್ಯೂ.-9ರಲ್ಲಿ 7 ಬಂದಿದೆ. ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿಯೇ ಕೇಳಿದೆ, ಇಲ್ಲವೆಂದರು. ನಿದ್ದೆಯ ಅಗತ್ಯವೇ ಇಲ್ಲದಂತೆ ಉತ್ಸಾಹ ಉಕ್ಕಿದ ದಿನಗಳ ಇತಿಹಾಸ ಸಿಗಲಿಲ್ಲ.

ರಕ್ತದೊತ್ತಡ 128/82, ನಾಡಿ 88, ತೂಕ 71 ಕಿಲೋ. ಹಿಮೋಗ್ಲೋಬಿನ್ 14.1, ಟಿ.ಎಸ್.ಎಚ್. 2.4, ಉಪವಾಸದ ಸಕ್ಕರೆ 92. ಬಿ-12 ಮಾತ್ರ 168ಕ್ಕೆ ಇಳಿದಿತ್ತು. ಆರು ವಾರದಿಂದ ಪೂರೈಸುತ್ತಿದ್ದೇನೆ, ಕೈಕಾಲು ಜೋಮು ಕಡಿಮೆಯಾಗಿದೆ, ಗಮನದಲ್ಲಿ ಬದಲಾವಣೆ ಕಂಡಿಲ್ಲ. ಇ.ಸಿ.ಜಿ. ಸಹಜವಾಗಿದೆ. ಆದರೂ ಇವರ ಚಿಕ್ಕಪ್ಪ 42ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದು, ಕಾರಣ ಗೊತ್ತಾಗಿಲ್ಲ. ಮೀಥೈಲ್‌ಫೆನಿಡೇಟ್ ಅಥವಾ ಅಟೊಮಾಕ್ಸೆಟೀನ್ ವಿಚಾರ ಬಂದರೆ ಇದು ತಮ್ಮ ಗಮನದಲ್ಲಿರಲಿ. ಅಗತ್ಯವೆಂದರೆ ಹೃದ್ರೋಗ ತಜ್ಞರ ಅಭಿಪ್ರಾಯವನ್ನೂ ತರಿಸುತ್ತೇನೆ.

ದಿನಕ್ಕೆ ಆರೇಳು ಕಪ್ ಚಹಾ ಕುಡಿಯುತ್ತಿದ್ದರು, ಈಗ ಮೂರಕ್ಕೆ ಇಳಿಸಿದ್ದಾರೆ. ಗುಟಕಾ ದಿನಕ್ಕೆ ನಾಲ್ಕು ಚೀಟು. ಬಿಡಲು ಮನಸ್ಸಿದೆ, ಬಿಟ್ಟಿಲ್ಲ. ಮದ್ಯ ಸೇವನೆಯಿಲ್ಲ. ಗೆಳೆಯರ ಮಾತು ಕೇಳಿ ಔಷಧದ ಅಂಗಡಿಯಿಂದ ಅಲ್ಪ್ರಾಜೋಲಾಮ್ 0.25 ಮಿ.ಗ್ರಾಂ. ಮಾತ್ರೆಯನ್ನು ಹತ್ತು ದಿನ ನುಂಗಿದ್ದರಂತೆ. ನಿಲ್ಲಿಸಿ ಎರಡು ತಿಂಗಳಾಗಿದೆ. ನಾನು ಮನೋವೈದ್ಯಕೀಯ ಔಷಧ ಯಾವುದನ್ನೂ ಆರಂಭಿಸಿಲ್ಲ.

ಆತಂಕವೇ ಮೂಲ, ಗಮನ ಚದುರುವುದು ಅದರ ಫಲ ಎಂದು ಮೊದಲಿಗೆ ನನಗೂ ಅನಿಸಿತ್ತು. ಆದರೆ ಆತಂಕ ಶುರುವಾದದ್ದು ಎರಡು ವರ್ಷದ ಹಿಂದೆ, ಲೆಕ್ಕದ ಹೊಣೆ ಪೂರ್ತಿ ಇವರ ಮೇಲೆ ಬಿದ್ದ ಮೇಲೆ. ಮರೆವು, ಚಂಚಲತೆಗಳು ಶಾಲೆಯಿಂದಲೂ ಇವೆ. ಈ ಕಾರಣಕ್ಕೆ ಎ.ಡಿ.ಎಚ್.ಡಿ.ಯತ್ತ ವಾಲುತ್ತಿದ್ದೇನೆ. ತಾವು ವಿವರವಾಗಿ ಪರೀಕ್ಷಿಸಿ ರೋಗನಿರ್ಣಯ ತಿಳಿಸಬೇಕೆಂದೂ, ಎರಡರಲ್ಲಿ ಯಾವುದಕ್ಕೆ ಮೊದಲು ಚಿಕಿತ್ಸೆಯೆಂಬುದನ್ನು ಸೂಚಿಸಬೇಕೆಂದೂ ಕೋರುತ್ತೇನೆ. ಔಷಧ ಆರಂಭಿಸಿದರೆ ನಾಡಿ, ರಕ್ತದೊತ್ತಡ, ತೂಕಗಳನ್ನು ಇಲ್ಲಿಯೇ ತಿಂಗಳಿಗೊಮ್ಮೆ ನೋಡಿ ತಮಗೆ ತಿಳಿಸುತ್ತೇನೆ.

ಇನ್ನೊಂದು ವಿನಂತಿ. ಮನೆಯಲ್ಲಿ ತಂಗಿಯ ಮದುವೆ ಮಾತುಕತೆ ನಡೆದಿದೆ. ಮನಸ್ಸಿನ ಡಾಕ್ಟರರ ಬಳಿ ಹೋಗುವುದು ಸಂಬಂಧಿಕರಿಗೆ ತಿಳಿಯಬಾರದೆಂದು ಇವರು ಬಹಳ ಅಳುಕುತ್ತಿದ್ದಾರೆ. ಪತ್ನಿ ಮತ್ತು ತಾಯಿಯ ಹೊರತು ಯಾರೊಂದಿಗೂ ಈ ವಿಷಯ ಚರ್ಚಿಸಲು ಒಪ್ಪಿಗೆ ನೀಡಿಲ್ಲ. ಭೇಟಿಯ ದಿನ ಮರೆಯುವ ಸಾಧ್ಯತೆಯೂ ಇರುವುದರಿಂದ, ಮುಂದಿನ ತಾರೀಖನ್ನು ಪತ್ನಿಗೆ ತಿಳಿಸಿದರೆ ಅನುಕೂಲ.

ತಮ್ಮ ವಿಶ್ವಾಸಿ,
ಕುಟುಂಬ ವೈದ್ಯ, ಎಂ.ಬಿ.ಬಿ.ಎಸ್.

ಲಗತ್ತು: ರಕ್ತಪರೀಕ್ಷೆ ವರದಿ, ಇ.ಸಿ.ಜಿ., ಮೂರು ಪ್ರಶ್ನಾವಳಿ, ಪ್ರಗತಿ ಪತ್ರದ ಪ್ರತಿ