ಮದುವೆಯ ದಿನಾಂಕ ಬದಲಾಗಿದೆ

ಆತ್ಮೀಯರೇ, ನಮಸ್ಕಾರ.

2026ರ ನವೆಂಬರ್ 22ರಂದು ನಡೆಯಬೇಕಿದ್ದ ನಮ್ಮ ಮಗಳ ಮದುವೆಯನ್ನು ಅನಿವಾರ್ಯ ಕಾರಣದಿಂದ ಮುಂದೂಡಿದ್ದೇವೆ. ಎರಡೂ ಮನೆಯವರು ಕೂತು ಮಾತನಾಡಿ ಹೊಸ ದಿನ ಗೊತ್ತು ಮಾಡಿದ್ದೇವೆ.

ಮದುವೆ: 2027ರ ಫೆಬ್ರವರಿ 14, ಭಾನುವಾರ. ಮುಹೂರ್ತ ಬೆಳಿಗ್ಗೆ 10.40ಕ್ಕೆ.
ಆರತಕ್ಷತೆ: ಹಿಂದಿನ ದಿನ, ಫೆಬ್ರವರಿ 13, ಶನಿವಾರ ಸಂಜೆ 7ರಿಂದ.

ಕಲ್ಯಾಣ ಮಂಟಪ ಬದಲಾಗಿಲ್ಲ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯಲ್ಲಿ ದಿನಾಂಕ, ಸಮಯ ಬಿಟ್ಟು ಉಳಿದದ್ದೆಲ್ಲ ಹಾಗೆಯೇ ಇದೆ. ಹೊಸ ಪತ್ರಿಕೆ ಅಚ್ಚು ಹಾಕಿಸುತ್ತಿಲ್ಲ. ದಯವಿಟ್ಟು ಇದನ್ನೇ ನಮ್ಮ ಕರೆಯೆಂದು ತಿಳಿಯಿರಿ.

ಹಲವರು ಈಗಾಗಲೇ ರಜೆ ಹಾಕಿ, ರೈಲು-ಬಸ್ಸಿನ ಟಿಕೆಟ್ ಮಾಡಿಸಿದ್ದೀರಿ. ನಿಮಗಾದ ತೊಂದರೆಗೆ ಮನಃಪೂರ್ವಕ ಕ್ಷಮೆ ಕೋರುತ್ತೇವೆ. ಟಿಕೆಟ್ ರದ್ದು ಮಾಡಲು ಸಮಯ ಸಿಗಲೆಂದೇ ತಡಮಾಡದೆ ತಿಳಿಸುತ್ತಿದ್ದೇವೆ. ನವೆಂಬರ್‌ನಲ್ಲಿ ಉಳಿದುಕೊಳ್ಳಲು ನಾವು ಕಾಯ್ದಿರಿಸಿದ್ದ ಕೋಣೆಗಳನ್ನು ನಾವೇ ರದ್ದು ಮಾಡಿದ್ದೇವೆ, ಅದರ ಬಗ್ಗೆ ನೀವು ಯೋಚಿಸಬೇಡಿ. ಫೆಬ್ರವರಿಗೆ ಕೋಣೆ ಬೇಕಿದ್ದವರು ಜನವರಿ 10ರೊಳಗೆ ಇದೇ ಸಂಖ್ಯೆಗೆ ತಿಳಿಸಿ.

ಮನೆಯ ಹಿರಿಯರಿಗೆ, ಫೋನ್ ನೋಡದವರಿಗೆ ಈ ವಿಷಯ ನೀವೇ ಮುಟ್ಟಿಸಿದರೆ ದೊಡ್ಡ ಉಪಕಾರ. ನಾವೂ ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದೇವೆ.

ಫೆಬ್ರವರಿಯಲ್ಲಿ ಮನೆಮಂದಿಯೆಲ್ಲ ಬಂದು ವಧೂವರರನ್ನು ಹರಸಬೇಕು. ನಿಮ್ಮ ದಾರಿ ಕಾಯುತ್ತಿರುತ್ತೇವೆ.

ಇಂತಿ,
ವಧುವಿನ ತಂದೆ-ತಾಯಿ