ನೀಲಿ ಬೆರಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಬಸ್‌ಸ್ಟಾಪು. ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ನಿಂತವನ ಮುಖ ನೋಡಿದರೆ ಗುರುತು ಹತ್ತಲಿಲ್ಲ. ಬೆರಳು ನೋಡಿದೆ, ಉಗುರಿನ ಸಂದಿವರೆಗೂ ನೀಲಿ. ನಮ್ಮ ಕ್ಲಾಸಿನಲ್ಲಿ ವರ್ಷವಿಡೀ ಬೆರಳು ನೀಲಿ ಇದ್ದದ್ದು ಒಬ್ಬನಿಗೇ.

"ಗಣೇಶ ಅಲ್ವಾ? ಇನ್ನೂ ಪೆನ್ನು ಸೋರ್ತಾ ಉಂಟಾ?"

ಅವನು ಒಂದು ಕ್ಷಣ ನೋಡಿದ. "ಹೋ, ರಮೇಶನಾ! ಶಾಯಿ ಅಲ್ಲ ಮಾರಾಯ, ಮೈಲುತುತ್ತು. ಬೆಳಿಗ್ಗೆಯಿಂದ ಅಡಿಕೆಗೆ ಮದ್ದು ಬಿಡ್ತಾ ಇದ್ದೆ, ಮಳೆ ಬಂತು, ನಿಲ್ಲಿಸಿದೆ. ನೀನು ಬೆಂಗಳೂರಲ್ಲಿ ಅಲ್ವಾ?"

"ಹೌದು. ಅಮ್ಮನನ್ನು ನೋಡುವ ಅಂತ ಬಂದೆ. ತೋಟದಲ್ಲಿ ಎಳೆಕಾಯಿ ಉದುರಿ ಬುಡ ಕಾಣೋದಿಲ್ಲ ಅಂತಾಳೆ."

"ಕೊಳೆರೋಗ ಅದು. ಒಂದು ಸಲವಾದರೂ ಬಿಟ್ಟಿದ್ದೀರಾ?"

"ಮರ ಹತ್ತುವವರು ಸಿಗಬೇಕಲ್ಲ!"

"ಹತ್ತುವುದು ಯಾರು ಈಗ? ಕಾರ್ಬನ್ ಫೈಬರ್ ದೋಟಿ ಉಂಟು, ನೆಲದಲ್ಲೇ ನಿಂತು ಬಿಡುವುದು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಕುತ್ತಿಗೆ ಮಾತ್ರ ಸಂಜೆಗೆ ಕೆಳಗೆ ಬರುವುದಿಲ್ಲ." ಶಾಲೆಯ ಪೇರಳೆ ಮರದಿಂದ ಎರಡು ಸಲ ಬಿದ್ದವನು ಇವನು, ದೋಟಿ ಅಂದಾಗ ಇಷ್ಟು ಖುಷಿ ಯಾಕೆ ಅಂತ ನನಗೆ ಗೊತ್ತು. "ನಾಳೆ ಮಳೆ ಇಲ್ಲದಿದ್ದರೆ ಬರ್ತೇನೆ. ಅಮ್ಮನಿಗೆ ಸುಣ್ಣ ತರಿಸಿಡಲಿಕ್ಕೆ ಹೇಳು. ಹಳೇದು ಬೇಡ, ಗಾಳಿಗೆ ಹೋದದ್ದು ಪ್ರಯೋಜನ ಇಲ್ಲ."

ಅಷ್ಟರಲ್ಲಿ ಒಂದು ಬಸ್ಸು ಬಂತು. ಬೋರ್ಡು ಮಲಯಾಳದಲ್ಲಿ ಮಾತ್ರ. ನಾನು ಸುಮ್ನೆ ನಿಂತೆ. ಇದೇ ಊರಿನಲ್ಲಿ ಹತ್ತು ವರ್ಷ ಕನ್ನಡ ಮೀಡಿಯಂ ಕಲಿತವನು, ಈಗ ನನ್ನ ಊರಿಗೆ ಹೋಗುವ ಬಸ್ಸು ಯಾವುದು ಅಂತ ಇನ್ನೊಬ್ಬರನ್ನು ಕೇಳಬೇಕು.

"ಹತ್ತು ಮಾರಾಯ, ಪೆರ್ಲದ್ದೇ."

"ನಿನಗೆ ಓದ್ಲಿಕ್ಕೆ ಬರ್ತದಾ?"

"ಮಗಳು ಕಲಿಸಿದ್ದು. ನೋಡು, ಮೊದಲು ಒಂದು ಸುರುಳಿ ಉಂಟಲ್ಲ, ಅದು ಎತ್ವ. ಇವರದ್ದು ಅಕ್ಷರಕ್ಕಿಂತ ಮುಂಚೆಯೇ ಬರ್ತದೆ. ಆಮೇಲೆ ಪ. ಎರಡೂ ಸೇರಿದರೆ ಪೆ. ನಾನು ಒಂದು ತಿಂಗಳು ಅದನ್ನು ತಿರುಗಿಸಿಯೇ ಓದ್ತಾ ಇದ್ದೆ, ಅವಳು ನಗುವುದೇ ನಗುವುದು."

ನಂಬರ್ ಕೊಡು ಅಂದೆ. ನನ್ನ ಮೊಬೈಲಿನ ಚಾರ್ಜು ಮುಗಿದಿತ್ತು, ಅವನದ್ದು ಮನೆಯಲ್ಲಿ. ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಗೀಚಿದೆ, ಬರೆಯಲಿಲ್ಲ. ಕೊಡವಿದೆ, ಆಗಲೂ ಇಲ್ಲ.

"ನನ್ನದು ಸೋರ್ತಾ ಇತ್ತು ಸರಿ, ಬರೀತಿತ್ತಲ್ಲ!" ಅಂದ.

ಕಂಡಕ್ಟರ್ ಎರಡು ಸಲ ಬೆಲ್ಲು ಹೊಡೆದ. ನಾನು ಹತ್ತಿ ಕಿಟಕಿಯಲ್ಲಿ ತಲೆ ಹಾಕಿದೆ. ಗಣೇಶ ನಂಬರ್ ಕೂಗಿದ, ಕೊನೆಯ ಎರಡು ಅಂಕೆ ಹಾರ್ನಿನಲ್ಲಿ ಹೋಯಿತು.

"ನಾಳೆ ಎಷ್ಟು ಗಂಟೆಗೆ?" ಅಂತ ಕಿರುಚಿದೆ.

"ಸುಣ್ಣ ಹೊಸತು!" ಅಂತಷ್ಟೇ ಕೇಳಿಸಿತು.